ಮೊದಲು ಬ್ಲೇಡ್ ಸಿಗುತ್ತದೆಯೇ ವಿಚಾರಿಸಿ, ಆಮೇಲೆ ಟ್ರಿಮ್ಮರ್ ಕೊಳ್ಳಿ

ತುಮಕೂರಿನ ಎಂ.ಜಿ. ರಸ್ತೆಯ ಯಾವುದಾದರೂ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋಗಿ ಟ್ರಿಮ್ಮರ್ ಬೇಕೆಂದರೆ ಗಾಜಿನ ಮೇಜಿನ ಮೇಲೆ ಐದಾರು ಪೆಟ್ಟಿಗೆಗಳು ಸಾಲಾಗಿ ಬಂದು ಕೂರುತ್ತವೆ. ಒಂದರ ಮೇಲೆ ನೂರಿಪ್ಪತ್ತು ನಿಮಿಷ ಓಡುತ್ತದೆ ಎಂದೂ, ಇನ್ನೊಂದರ ಮೇಲೆ ಟೈಟಾನಿಯಂ ಬ್ಲೇಡ್ ಎಂದೂ, ಮತ್ತೊಂದರ ಮೇಲೆ ನಲವತ್ತು ಅಳತೆಗಳಲ್ಲಿ ಗಡ್ಡ ಕತ್ತರಿಸಬಹುದೆಂದೂ ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. "ಇದರ ಬ್ಲೇಡ್ ಸವೆದರೆ ಬೇರೆ ಸಿಗುತ್ತಾ?" ಎಂದು ಕೇಳಿ ನೋಡಿ. "ಬ್ಲೇಡ್ ಯಾಕೆ ಸಾರ್, ಆ ಹೊತ್ತಿಗೆ ಹೊಸ ಮೆಷಿನ್ನೇ ತಗೊಳ್ತೀರ ಬಿಡಿ" ಎನ್ನುವ ಉತ್ತರವೇ ಹೆಚ್ಚಾಗಿ ಬರುತ್ತದೆ. ಅಂಗಡಿಯವರು ಸುಳ್ಳು ಹೇಳುತ್ತಿಲ್ಲ. ಅಗ್ಗದ ಟ್ರಿಮ್ಮರುಗಳಲ್ಲಿ ಹೆಚ್ಚಿನವು ಮೋಟಾರು ಕೆಟ್ಟು ಮೂಲೆ ಸೇರುವುದಿಲ್ಲ. ಬ್ಲೇಡೋ ಬಾಚಣಿಗೆಯೋ ಬ್ಯಾಟರಿಯೋ ಹೋಗಿ, ಅದಕ್ಕೆ ಬದಲಿ ಸಿಗದೆ ಮೂಲೆ ಸೇರುತ್ತವೆ.

ಆದ್ದರಿಂದ ಯಂತ್ರ, ಬೆಲೆ, ಬ್ಯಾಟರಿ, ಕೊನೆಗೆ ಬಿಡಿ ಬ್ಲೇಡು ಎಂಬ ರೂಢಿಯ ಕ್ರಮವನ್ನು ಈ ಲೇಖನದಲ್ಲಿ ತಿರುಗಿಸಿದ್ದೇನೆ. ಮುಖದ ಮೇಲೆ ಎಷ್ಟು ಕೂದಲು ಉಳಿಯಬೇಕು ಎಂಬುದನ್ನು ಮೊದಲು ತೀರ್ಮಾನಿಸಿ, ಅದಕ್ಕೆ ಹೊಂದುವ ಬ್ಲೇಡಿನ ಬಗೆಯನ್ನು ಆರಿಸಿ, ಆ ಬ್ಲೇಡು ಮೂರು ವರ್ಷ ಕಳೆದ ಮೇಲೂ ಸಿಗುವ ಸೂಚನೆ ಇದೆಯೇ ಎಂದು ನೋಡಿ, ಆಮೇಲಷ್ಟೇ ಬ್ಯಾಟರಿ ಮತ್ತು ತೊಳೆಯುವ ಅನುಕೂಲದ ಕಡೆಗೆ ಬರುವುದು ಈ ಕ್ರಮ. ಬೆಂಗಳೂರಿನಲ್ಲಿರುವವರಿಗೆ ಸರ್ವಿಸ್ ಸೆಂಟರ್ ಹತ್ತಿರವಿರಬಹುದು. ಪಾವಗಡದಿಂದಲೋ ಬಾಗೇಪಲ್ಲಿಯಿಂದಲೋ ಶ್ರೀನಿವಾಸಪುರದಿಂದಲೋ ಒಂದು ಬ್ಲೇಡಿಗಾಗಿ ಅಲ್ಲಿಗೆ ಹೋಗಿಬರುವುದಾದರೆ ಬಸ್ ಚಾರ್ಜು ಮತ್ತು ಒಂದು ದಿನದ ಕೂಲಿ ಸೇರಿ ಬ್ಲೇಡಿನ ಬೆಲೆಯನ್ನೇ ಮೀರುತ್ತದೆ.

ಮೊದಲ ಹೆಜ್ಜೆ: ಎಷ್ಟು ಕೂದಲು ಉಳಿಯಬೇಕು?

ಶೇವರ್ ಮತ್ತು ಟ್ರಿಮ್ಮರ್ ಒಂದೇ ಕೆಲಸದ ಎರಡು ಹೆಸರುಗಳಲ್ಲ. ಟ್ರಿಮ್ಮರಿನಲ್ಲಿ ಬಾಚಣಿಗೆಯ ಹಲ್ಲುಗಳಂಥ ಎರಡು ಬ್ಲೇಡುಗಳು ಒಂದರ ಮೇಲೊಂದು ಕೂತಿರುತ್ತವೆ. ಒಂದು ಅಲುಗಾಡುವುದಿಲ್ಲ, ಇನ್ನೊಂದು ಅದರ ಮೇಲೆ ಎಡಕ್ಕೂ ಬಲಕ್ಕೂ ವೇಗವಾಗಿ ಉಜ್ಜುತ್ತಾ ಕತ್ತರಿಯಂತೆ ಕೂದಲನ್ನು ಕತ್ತರಿಸುತ್ತದೆ. ಮೇಲೆ ಸಿಕ್ಕಿಸುವ ಪ್ಲಾಸ್ಟಿಕ್ ಬಾಚಣಿಗೆ ತೆಗೆದು ಬರಿಯ ಬ್ಲೇಡನ್ನೇ ಹಿಡಿದರೂ ಚರ್ಮದ ಮೇಲೆ ಅರ್ಧ ಮಿಲಿಮೀಟರಿನ ಆಸುಪಾಸಿನಲ್ಲಿ ಕೂದಲು ಉಳಿಯುತ್ತದೆ. ಕೈಯಾಡಿಸಿದರೆ ಗರಗರ ಎನ್ನುವ ಈ ಕುರುಚಲನ್ನು ಯಾವ ಟ್ರಿಮ್ಮರೂ ಪೂರ್ತಿ ತೆಗೆಯಲಾರದು. ಅದು ಯಂತ್ರದ ದೋಷವೂ ಅಲ್ಲ; ಹಲ್ಲುಗಳು ಚರ್ಮಕ್ಕೆ ತಾಗದಿರಲೆಂದು ಬಿಟ್ಟಿರುವ ದಪ್ಪ ಅದು.

ನುಣುಪು ಕೆನ್ನೆ ಬೇಕಾದವರಿಗೆ ಶೇವರ್ ಬೇಕು. ಅದರಲ್ಲಿ ಎರಡು ಬಗೆ ಉಂಟು. ಫಾಯಿಲ್ ಶೇವರಿನಲ್ಲಿ ಸಣ್ಣ ತೂತುಗಳಿರುವ, ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತಲೂ ತೆಳುವಾದ ಲೋಹದ ಹಾಳೆಯೊಂದು ಕಮಾನಿನಂತೆ ಬಾಗಿರುತ್ತದೆ. ತೂತಿನೊಳಗೆ ತೂರಿದ ಕೂದಲನ್ನು ಹಾಳೆಯ ಅಡಿಯಲ್ಲಿ ಓಡಾಡುವ ಕಟ್ಟರ್ ಕತ್ತರಿಸುತ್ತದೆ. ಹಾಳೆ ಇಷ್ಟು ತೆಳುವಾಗಿರುವುದರಿಂದಲೇ ಕೂದಲು ಚರ್ಮದ ಮಟ್ಟಕ್ಕೆ ಹತ್ತಿರವಾಗಿ ಕತ್ತರಿಸಿಹೋಗುತ್ತದೆ, ಮತ್ತು ಇಷ್ಟು ತೆಳುವಾಗಿರುವುದರಿಂದಲೇ ಯಂತ್ರ ಒಮ್ಮೆ ನಲ್ಲಿಯ ಕೆಳಗೆ ಸಿಮೆಂಟು ನೆಲಕ್ಕೆ ಬಿದ್ದರೆ ಹಾಳೆ ನೆಗ್ಗುತ್ತದೆ ಅಥವಾ ಹರಿಯುತ್ತದೆ. ರೋಟರಿ ಶೇವರಿನಲ್ಲಿ ಮೂರು ದುಂಡು ತಲೆಗಳಿದ್ದು ಒಳಗಿನ ಕಟ್ಟರುಗಳು ಗಿರ್ರನೆ ಸುತ್ತುತ್ತವೆ. ದವಡೆಯ ತಿರುವು ಮತ್ತು ಗಂಟಲ ಭಾಗದಲ್ಲಿ, ಅಡ್ಡಾದಿಡ್ಡಿಯಾಗಿ ಬೆಳೆದ ಕೂದಲಿಗೆ ಇದು ಚೆನ್ನಾಗಿ ಒದಗುತ್ತದೆ. ದಿನವೂ ಶೇವ್ ಮಾಡುವವರಿಗೆ ಫಾಯಿಲ್, ಒಂದೆರಡು ದಿನ ಬಿಟ್ಟು ಮಾಡುವವರಿಗೆ ರೋಟರಿ ಎಂದು ಸ್ಥೂಲವಾಗಿ ಹೇಳಬಹುದು. ನಾಲ್ಕು ದಿನದ ಗಡ್ಡಕ್ಕೆ ಎರಡೂ ಒಗ್ಗುವುದಿಲ್ಲ. ಉದ್ದ ಕೂದಲು ಮಲಗಿಬಿಡುವುದರಿಂದ ತೂತಿನೊಳಗೆ ತೂರುವುದಿಲ್ಲ, ತೂರಿದ್ದನ್ನು ಯಂತ್ರ ಕತ್ತರಿಸುವ ಬದಲು ಎಳೆಯುತ್ತದೆ. ಅಂಥವರು ಮೊದಲು ಟ್ರಿಮ್ಮರ್ ಆಡಿಸಿ ಆಮೇಲೆ ಶೇವರ್ ಹಿಡಿಯಬೇಕಾಗುತ್ತದೆ.

ಮೂರನೆಯದು ಇವೆರಡರ ನಡುವಿನ ಬಗೆ. ಫಿಲಿಪ್ಸ್‌ನ ಒನ್‌ಬ್ಲೇಡ್ ಇದರಲ್ಲಿ ಹೆಚ್ಚು ಪರಿಚಿತ. ಇದೂ ಹಲ್ಲಿನ ಬ್ಲೇಡೇ ಆದರೂ ಬಹಳ ತೆಳುವಾಗಿದ್ದು, ಹಲ್ಲುಗಳ ತುದಿ ಉರುಟಾಗಿರುವುದರಿಂದ ಬರಿ ಚರ್ಮದ ಮೇಲೂ ಧೈರ್ಯವಾಗಿ ಎಳೆಯಬಹುದು. ಶೇವರಿನಷ್ಟು ನುಣುಪಾಗದಿದ್ದರೂ ಟ್ರಿಮ್ಮರಿಗಿಂತ ಹತ್ತಿರವಾಗಿ ಕತ್ತರಿಸುತ್ತದೆ. ಈ ಅನುಕೂಲಕ್ಕೆ ತೆರಬೇಕಾದದ್ದನ್ನು ಮುಂದೆ ಲೆಕ್ಕದಲ್ಲಿ ನೋಡೋಣ.

ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳಬೇಕು. ಗುಂಗುರು ಕೂದಲಿನವರಿಗೆ, ಮುಖ್ಯವಾಗಿ ಗಂಟಲ ಮೇಲೆ, ರೇಜರ್ ಆಡಿಸಿದ ಮರುದಿನ ಕೆಂಪು ಗುಳ್ಳೆಗಳೇಳುವುದುಂಟು. ಚರ್ಮದ ಮಟ್ಟಕ್ಕಿಂತ ಕೆಳಗೆ ಕತ್ತರಿಸಿಹೋದ ಕೂದಲು ಬೆಳೆಯುವಾಗ ಬಾಗಿ, ಚರ್ಮದೊಳಕ್ಕೇ ತಿರುಗಿಕೊಳ್ಳುವುದರಿಂದ ಹೀಗಾಗುತ್ತದೆ. ಇಂಥವರು ಅತಿ ನುಣುಪಾಗಿ ಕತ್ತರಿಸುವ ದುಬಾರಿ ಫಾಯಿಲ್ ಶೇವರಿಗೆ ಹಣ ಹಾಕಿದರೆ ತೊಂದರೆಯನ್ನೇ ಹಣ ಕೊಟ್ಟು ತಂದುಕೊಂಡಂತಾಗುತ್ತದೆ. ಅರ್ಧದಿಂದ ಒಂದು ಮಿಲಿಮೀಟರು ಕೂದಲನ್ನು ಉಳಿಸುವ ಟ್ರಿಮ್ಮರೇ ಅವರಿಗೆ ಸರಿಯಾದದ್ದು, ಅದು ಅಗ್ಗವೂ ಹೌದು.

ಎರಡನೆಯ ಹೆಜ್ಜೆ: ಬಿಡಿ ಬ್ಲೇಡಿನ ವಿಚಾರಣೆ

ಬಗೆ ತೀರ್ಮಾನವಾದ ಮೇಲೆ ಯಂತ್ರದ ಹೆಸರನ್ನು ಹುಡುಕಬೇಡಿ, ಬಿಡಿ ಬ್ಲೇಡಿನ ಹೆಸರನ್ನು ಹುಡುಕಿ. ಯಂತ್ರದ ಪೆಟ್ಟಿಗೆಯ ಪಕ್ಕದಲ್ಲೋ ಒಳಗಿನ ಕೈಪಿಡಿಯ ಕೊನೆಯಲ್ಲೋ ಬದಲಿ ತಲೆಯ ಸಂಖ್ಯೆ ಇರುತ್ತದೆ. ಒನ್‌ಬ್ಲೇಡಿಗೆ QP210, QP220 ಎಂಬಂಥ ಸಂಖ್ಯೆಗಳಿದ್ದು, ಮೊದಲನೆಯದರಲ್ಲಿ ಒಂದು ಬ್ಲೇಡು, ಎರಡನೆಯದರಲ್ಲಿ ಎರಡು ಬ್ಲೇಡು ಇರುತ್ತವೆ. ಬ್ರೌನ್ ಕಂಪನಿಯ ಫಾಯಿಲ್ ಶೇವರುಗಳಲ್ಲಿ ಹಾಳೆ ಮತ್ತು ಕಟ್ಟರ್ ಸೇರಿ ಒಂದೇ ಕ್ಯಾಸೆಟ್ ಆಗಿ ಬರುತ್ತದೆ, ಅದಕ್ಕೆ 52B, 53B ಎಂಬಂತೆ ಸಂಖ್ಯೆ ಇರುತ್ತದೆ. ಇಲ್ಲಿ ಎಚ್ಚರ ತಪ್ಪುವುದು ಸುಲಭ. ಸೀರೀಸ್ 5 ಎಂಬ ಒಂದೇ ಹೆಸರಿನಲ್ಲಿ ಬಂದ ಹಳೆಯ ಯಂತ್ರಕ್ಕೆ 52B ಕೂತರೆ, ಆಮೇಲೆ ಬಂದ ಯಂತ್ರಕ್ಕೆ 53B ಬೇಕು. ಒಂದರದು ಇನ್ನೊಂದಕ್ಕೆ ಕೂರುವುದಿಲ್ಲ. 52B ಮತ್ತು 52S ನಡುವೆ ಇರುವುದು ಕಪ್ಪು ಮತ್ತು ಬೆಳ್ಳಿ ಬಣ್ಣದ ವ್ಯತ್ಯಾಸ ಮಾತ್ರ. ಅಂದರೆ ಯಂತ್ರದ ಹೆಸರಾಗಲಿ ಬಣ್ಣವಾಗಲಿ ಸಾಕಾಗುವುದಿಲ್ಲ, ಸಂಖ್ಯೆಯನ್ನೇ ಬರೆದುಕೊಳ್ಳಬೇಕು.

ಆ ಸಂಖ್ಯೆಯನ್ನು ಫೋನಿನಲ್ಲಿ ಹಾಕಿ ಹುಡುಕಿದಾಗ ಮೂರು ವಿಷಯಗಳನ್ನು ಗಮನಿಸಿ. ಕಂಪನಿಯೇ ತನ್ನ ಜಾಲತಾಣದಲ್ಲಿ ಭಾರತದ ಗಿರಾಕಿಗಳಿಗೆ ಅದನ್ನು ಮಾರುತ್ತಿದೆಯೇ ಎಂಬುದು ಮೊದಲನೆಯದು. ಬೇರೆ ದೇಶದಲ್ಲಿ ಸಿಗುವ ಬ್ಲೇಡು ನಮಗೆ ಸಿಗುವುದಿಲ್ಲ, ಸಿಕ್ಕರೂ ತರಿಸುವ ವೆಚ್ಚ ಯಂತ್ರದಷ್ಟಾಗುತ್ತದೆ. ಒಬ್ಬರಿಗಿಂತ ಹೆಚ್ಚು ಮಾರಾಟಗಾರರು ಅದನ್ನು ಇಟ್ಟಿದ್ದಾರೆಯೇ ಎಂಬುದು ಎರಡನೆಯದು. ಒಬ್ಬನೇ ಮಾರುತ್ತಿದ್ದರೆ ಅವನ ದಾಸ್ತಾನು ಮುಗಿದ ದಿನ ನಿಮ್ಮ ಯಂತ್ರದ ಆಯಸ್ಸೂ ಮುಗಿಯುತ್ತದೆ. ಮೂರನೆಯದನ್ನು ಯಾರೂ ನೋಡುವುದಿಲ್ಲ, ಅದೇ ಹೆಚ್ಚು ಉಪಯುಕ್ತವಾದದ್ದು: ಅದೇ ಕಂಪನಿ ನಾಲ್ಕೈದು ವರ್ಷಗಳ ಹಿಂದೆ ಮಾರಿದ ಯಂತ್ರವೊಂದರ ಬ್ಲೇಡು ಇಂದಿಗೂ ಸಿಗುತ್ತಿದೆಯೇ ಎಂದು ಹುಡುಕಿ. ಹಳೆಯ ಯಂತ್ರದ ಬ್ಲೇಡು ಸಿಗುತ್ತಿದ್ದರೆ ಇಂದು ಕೊಳ್ಳುವ ಯಂತ್ರದ್ದೂ ಮುಂದೆ ಸಿಗುತ್ತದೆಂದು ನಂಬಲು ಅದಕ್ಕಿಂತ ಒಳ್ಳೆಯ ಆಧಾರ ಬೇರೆ ಇಲ್ಲ. ಪ್ರತಿ ವರ್ಷ ಹೊಸ ಆಕಾರದ ಟ್ರಿಮ್ಮರ್ ಬಿಡುಗಡೆ ಮಾಡುತ್ತಾ ಹಳೆಯದನ್ನು ಕೈಬಿಡುವ ಕಂಪನಿಗಳು ಈ ಪರೀಕ್ಷೆಯಲ್ಲಿ ಸೋಲುತ್ತವೆ.

ಬ್ಲೇಡು ಯಂತ್ರಕ್ಕೆ ಹೇಗೆ ಕೂತಿದೆ ಎಂಬುದನ್ನೂ ಅಂಗಡಿಯಲ್ಲೇ ನೋಡಿ. ಹೆಬ್ಬೆರಳಿನಿಂದ ಹಿಂದಕ್ಕೆ ತಳ್ಳಿದರೆ ಟಕ್ ಎಂದು ಕಳಚಿ ಬರುವ ತಲೆಯನ್ನು ಯಾರು ಬೇಕಾದರೂ ಬದಲಿಸಬಹುದು, ಆದರೆ ಅದು ಆ ಕಂಪನಿಯದ್ದೇ ಆಗಿರಬೇಕು. ಸಲೂನಿನವರು ಬಳಸುವ ಕ್ಲಿಪ್ಪರುಗಳಲ್ಲಿ ಬ್ಲೇಡನ್ನು ಎರಡು ತಿರುಪುಗಳಿಂದ ಬಿಗಿದಿರುತ್ತಾರೆ. ಅವುಗಳ ಬ್ಲೇಡು ಸಲೂನ್ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುತ್ತದೆ. ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಬಿಡಿ ಬ್ಲೇಡನ್ನು ಕಣ್ಣಿಂದ ನೋಡಿ ಕೊಳ್ಳಬಹುದಾದ ಜಾಗ ಎಂದರೆ ಹೆಚ್ಚಾಗಿ ಇದೊಂದೇ. ನಿಮ್ಮ ಕ್ಷೌರದಂಗಡಿಯವರನ್ನು ಕೇಳಿದರೆ ಅವರು ಎಲ್ಲಿಂದ ತರುತ್ತಾರೆಂದು ಹೇಳುತ್ತಾರೆ. ಅವರ ಯಂತ್ರ ಭಾರವಾಗಿರುತ್ತದೆ, ಗದ್ದಲವೂ ಹೆಚ್ಚು, ಬಹುಪಾಲು ನೀರಿಗೆ ಹಿಡಿಯುವಂತಿಲ್ಲ. ಆದರೆ ತುಂಬು ಗಡ್ಡ ಬಿಟ್ಟಿರುವ, ಮನೆಯ ಹುಡುಗರ ತಲೆಗೂದಲನ್ನೂ ತಾವೇ ಕತ್ತರಿಸುವ ಸಂಸಾರಕ್ಕೆ ಅದು ಬೆಲೆಬಾಳುವ ಸಾಮಾನು.

ಬ್ಲೇಡಿನ ಜೊತೆಗೆ ಬಾಚಣಿಗೆಯನ್ನೂ ವಿಚಾರಿಸಬೇಕು. ಟ್ರಿಮ್ಮರಿನಲ್ಲಿ ಬ್ಲೇಡಿಗಿಂತ ಮೊದಲು ಮುರಿಯುವುದು ಅದರ ಪ್ಲಾಸ್ಟಿಕ್ ಬಾಚಣಿಗೆ. ಚಕ್ರ ತಿರುಗಿಸಿದರೆ ಮೇಲೆ ಕೆಳಗೆ ಸರಿಯುವ ಒಂದೇ ಬಾಚಣಿಗೆಯ ಮಾದರಿ ನೋಡಲು ಸೊಗಸು, ಆದರೆ ಅದರ ಒಂದು ಕಾಲು ಮುರಿದರೆ ಎಲ್ಲ ಅಳತೆಗಳೂ ಒಟ್ಟಿಗೆ ಹೋಗುತ್ತವೆ. ಮೂರು, ಐದು, ಏಳು ಮಿಲಿಮೀಟರಿಗೆ ಬೇರೆ ಬೇರೆ ಬಾಚಣಿಗೆ ಕೊಡುವ ಸಾದಾ ಮಾದರಿಯಲ್ಲಿ ಒಂದು ಮುರಿದರೂ ಉಳಿದವು ಕೆಲಸಕ್ಕೆ ಬರುತ್ತವೆ. ನಲವತ್ತು ಅಳತೆಗಳೆಂದು ಹೊಗಳಿಕೊಳ್ಳುವ ಯಂತ್ರ ಕೊಂಡವರು ಆಮೇಲೆ ಬಳಸುವುದು ಎರಡು ಅಳತೆಗಳನ್ನು ಮಾತ್ರ, ಹಾಗಾಗಿ ನನ್ನ ಒಲವು ಎರಡನೆಯ ಮಾದರಿಯ ಕಡೆಗೆ.

ನಕಲಿ ಬ್ಲೇಡುಗಳ ಹಾವಳಿಯೂ ಇದೆ. ಪೊಟ್ಟಣದ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು ಮತ್ತು ವಿಳಾಸ, ಗರಿಷ್ಠ ಮಾರಾಟ ಬೆಲೆ, ತಿಂಗಳು ಮತ್ತು ವರ್ಷ, ದೂರು ಹೇಳಿಕೊಳ್ಳಲು ಸಂಪರ್ಕದ ವಿವರ ಇರಲೇಬೇಕೆಂದು 2011ರ ಪೊಟ್ಟಣ ಸರಕುಗಳ ಕಾನೂನು ಮಾಪನ ನಿಯಮಗಳು ಹೇಳುತ್ತವೆ. ಇವು ಯಾವುದೂ ಇಲ್ಲದ ಬರಿ ಪ್ಲಾಸ್ಟಿಕ್ ಚೀಲದಲ್ಲಿ ಅರ್ಧ ಬೆಲೆಗೆ ಬಂದ ಫಾಯಿಲನ್ನು ಮುಖಕ್ಕೆ ತಾಗಿಸದಿರುವುದು ಮೇಲು. ಹಾಳೆಯ ಅಂಚು ಚೌಕಟ್ಟಿಗೆ ಸಮನಾಗಿ ಕೂತಿರದಿದ್ದರೆ ಆ ಅಂಚೇ ಚರ್ಮವನ್ನು ಗೀರುತ್ತದೆ.

ಮೂರನೆಯ ಹೆಜ್ಜೆ: ಬ್ಯಾಟರಿಯ ಲೆಕ್ಕ

ಪೆಟ್ಟಿಗೆಯ ಮೇಲೆ ಎದ್ದು ಕಾಣುವ ನಿಮಿಷಗಳ ಸಂಖ್ಯೆ ಆಯ್ಕೆಗೆ ಅಷ್ಟಾಗಿ ನೆರವಾಗುವುದಿಲ್ಲ. ವಾರಕ್ಕೆ ಎರಡು ಸಲ, ಸಲಕ್ಕೆ ಆರು ನಿಮಿಷ ಗಡ್ಡ ಟ್ರಿಮ್ ಮಾಡುವವರಿಗೆ ವಾರಕ್ಕೆ ಹನ್ನೆರಡು ನಿಮಿಷ ಬೇಕು. ಅರವತ್ತು ನಿಮಿಷ ಓಡುವ ಯಂತ್ರ ಒಮ್ಮೆ ಚಾರ್ಜ್ ಮಾಡಿದರೆ ಐದು ವಾರ ಬರುತ್ತದೆ, ವರ್ಷಕ್ಕೆ ಹತ್ತು ಹನ್ನೊಂದು ಸಲ ಚಾರ್ಜ್ ಮಾಡಿದರೆ ಮುಗಿಯಿತು. ಲಿಥಿಯಂ ಅಯಾನ್ ಬ್ಯಾಟರಿ ಸಾಮಾನ್ಯವಾಗಿ ಮುನ್ನೂರರಿಂದ ಐನೂರು ಸಲ ಪೂರ್ತಿ ತುಂಬಿ ಖಾಲಿಯಾಗುವವರೆಗೆ ತನ್ನ ಬಲದ ಹೆಚ್ಚಿನ ಪಾಲನ್ನು ಉಳಿಸಿಕೊಳ್ಳುತ್ತದೆ. ಆದ್ದರಿಂದ ಚಾರ್ಜ್ ಮಾಡಿ ಮಾಡಿ ಟ್ರಿಮ್ಮರಿನ ಬ್ಯಾಟರಿ ಸವೆಯಿತೆಂಬುದು ಅಪರೂಪ. ಅದು ಸಾಯುವುದು ಬೇರೆ ಕಾರಣಕ್ಕೆ: ಪೂರ್ತಿ ಖಾಲಿಯಾದ ಯಂತ್ರವನ್ನು ಹಾಗೆಯೇ ಕಪಾಟಿನಲ್ಲಿಟ್ಟು ತಿಂಗಳುಗಟ್ಟಲೆ ಮರೆತರೆ ಲಿಥಿಯಂ ಬ್ಯಾಟರಿ ಇನ್ನಷ್ಟು ಕೆಳಗಿಳಿದು, ಆಮೇಲೆ ಚಾರ್ಜೇ ಹಿಡಿಯದ ಸ್ಥಿತಿಗೆ ಬರುತ್ತದೆ. ಅಯ್ಯಪ್ಪ ಮಾಲೆ ಹಾಕಿ ಗಡ್ಡ ಬಿಡುವವರು ಯಂತ್ರವನ್ನು ಅರ್ಧಕ್ಕಿಂತ ಹೆಚ್ಚು ತುಂಬಿಸಿ ಎತ್ತಿಡುವುದು ಒಳ್ಳೆಯದು.

ಅದಕ್ಕೇ ಅರವತ್ತು ನಿಮಿಷದ ಯಂತ್ರಕ್ಕೂ ನೂರಿಪ್ಪತ್ತು ನಿಮಿಷದ ಯಂತ್ರಕ್ಕೂ ಬೆಲೆಯಲ್ಲಿ ವ್ಯತ್ಯಾಸವಿದ್ದರೆ ಆ ಹಣದಲ್ಲಿ ಒಂದು ಬಿಡಿ ಬ್ಲೇಡು ಕೊಳ್ಳಿ. ಬ್ಯಾಟರಿಯ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆಗಳು ಬೇರೆ. ಅದು ಲಿಥಿಯಂ ಬಗೆಯೋ ಹಳೆಯ ನಿಕ್ಕೆಲ್ ಬಗೆಯೋ? ಪೂರ್ತಿ ತುಂಬಲು ಎಂಟು ಹತ್ತು ಗಂಟೆ ಬೇಕೆಂದು ಬರೆದಿದ್ದರೆ ಅದು ಬಹುತೇಕ ನಿಕ್ಕೆಲ್ ಬಗೆಯದೇ. ಲಿಥಿಯಂ ಹೆಚ್ಚಾಗಿ ಒಂದೆರಡು ಗಂಟೆಯಲ್ಲಿ ತುಂಬುತ್ತದೆ. ವಿದ್ಯುತ್ ಹೊತ್ತುಗೊತ್ತಿಲ್ಲದೆ ಹೋಗುವ ಹಳ್ಳಿಗಳಲ್ಲಿ ಈ ವ್ಯತ್ಯಾಸ ದೊಡ್ಡದು. ಐದು ನಿಮಿಷ ಚಾರ್ಜ್ ಮಾಡಿದರೆ ಒಂದು ಶೇವಿಗಾಗುವಷ್ಟು ಬಲ ಬರುತ್ತದೆಯೇ ಎಂಬುದೂ ಕೇಳಬೇಕಾದ ಮಾತು. ವೈರು ಚುಚ್ಚಿಕೊಂಡೇ ಓಡಿಸಬಹುದೇ ಎಂದೂ ಕೇಳಿ. ನೀರಿನಲ್ಲಿ ಬಳಸಬಹುದಾದ ಶೇವರುಗಳಲ್ಲಿ ಹಲವು ಚಾರ್ಜರ್ ಚುಚ್ಚಿದ್ದಾಗ ಓಡುವುದೇ ಇಲ್ಲ, ಸುರಕ್ಷತೆಗಾಗಿ ಹಾಗೆಯೇ ಮಾಡಿರುತ್ತಾರೆ. ಅದು ಗೊತ್ತಿಲ್ಲದೆ ಯಂತ್ರ ಕೆಟ್ಟಿದೆಯೆಂದು ಅಂಗಡಿಗೆ ವಾಪಸು ತರುವವರಿದ್ದಾರೆ.

ಟೈಪ್ ಸಿ ಕಿಂಡಿಯ ಕೆಲವು ಅಗ್ಗದ ಟ್ರಿಮ್ಮರುಗಳಲ್ಲಿ ಇನ್ನೊಂದು ವಿಚಿತ್ರವುಂಟು. ಎರಡೂ ತುದಿ ಸಿ ಆಗಿರುವ ಹೊಸ ಫೋನಿನ ಕೇಬಲ್ ಹಾಕಿದರೆ ಅವು ಚಾರ್ಜ್ ಆಗುವುದಿಲ್ಲ. ಒಂದು ತುದಿ ಅಗಲವಾದ ಹಳೆಯ ಯುಎಸ್‌ಬಿ ಆಗಿರುವ ಕೇಬಲಿನಲ್ಲಿ ಮಾತ್ರ ಆಗುತ್ತವೆ. ಇಲ್ಲಿ ಬ್ಯಾಟರಿಯ ತಪ್ಪೇನೂ ಇಲ್ಲ. ಚಾರ್ಜರಿಗೆ ಕರೆಂಟು ಬೇಕೆಂದು ತಿಳಿಸುವ ಎರಡು ಪುಟ್ಟ ರೆಸಿಸ್ಟರುಗಳನ್ನು ತಯಾರಕರು ಉಳಿತಾಯಕ್ಕಾಗಿ ಬಿಟ್ಟಿರುವುದು ಕಾರಣ. ಯಂತ್ರದ ಜೊತೆಗೆ ಬಂದ ಕೇಬಲನ್ನು ಅದಕ್ಕಾಗಿಯೇ ಜೋಪಾನ ಮಾಡಿ, ಕೈಪಿಡಿಯಲ್ಲಿ ಬರೆದಿರುವ ಐದು ವೋಲ್ಟಿನ ಅಡಾಪ್ಟರನ್ನೇ ಬಳಸಿ.

ನಾಲ್ಕನೆಯ ಹೆಜ್ಜೆ: ತೊಳೆಯುವುದು, ನಮ್ಮ ನೀರಿನಲ್ಲಿ

ತೊಳೆಯಬಹುದು ಎಂಬ ಮಾತಿಗೆ ಮೂರು ಅರ್ಥಗಳಿವೆ. ಬ್ಲೇಡನ್ನು ಕಳಚಿ ಅದೊಂದನ್ನೇ ತೊಳೆಯಬಹುದು ಎಂಬುದು ಒಂದು. ಇಡೀ ತಲೆಯ ಭಾಗವನ್ನು ನಲ್ಲಿಯ ಕೆಳಗೆ ಹಿಡಿಯಬಹುದು ಎಂಬುದು ಇನ್ನೊಂದು. ಯಂತ್ರದ ಮೈಮೇಲೆ ನಲ್ಲಿಯ ಚಿತ್ರವಿದ್ದರೆ ಇದು. ಸ್ನಾನ ಮಾಡುವಾಗಲೇ ಒದ್ದೆ ಮುಖದ ಮೇಲೆ ಬಳಸಬಹುದು ಎಂಬುದು ಮೂರನೆಯದು. ಶವರ್ ಅಥವಾ ಸ್ನಾನದ ತೊಟ್ಟಿಯ ಚಿತ್ರ ಇದನ್ನು ಸೂಚಿಸುತ್ತದೆ. ಐಪಿಎಕ್ಸ್7 ಎಂದು ಬರೆದಿದ್ದರೆ ಒಂದು ಮೀಟರ್ ಆಳದ ನೀರಿನಲ್ಲಿ ಮೂವತ್ತು ನಿಮಿಷ ಮುಳುಗಿದ್ದರೂ ತೊಂದರೆಯಿಲ್ಲವೆಂದು ಅರ್ಥ, ಐಪಿಎಕ್ಸ್4 ಎಂದಿದ್ದರೆ ನೀರಿನ ಸಿಡಿತವನ್ನಷ್ಟೇ ತಡೆಯುತ್ತದೆ. ಈ ಪರೀಕ್ಷೆಗಳು ಹೊಸ ಯಂತ್ರಕ್ಕೆ, ಸೋಪಿಲ್ಲದ ತಣ್ಣೀರಿಗೆ ಸಂಬಂಧಿಸಿದವು. ಒಳಗಿನ ರಬ್ಬರ್ ಪಟ್ಟಿ ವರ್ಷಗಳುರುಳಿದಂತೆ ಗಟ್ಟಿಯಾಗುತ್ತದೆ, ಮತ್ತು ಯಾರಾದರೂ ಯಂತ್ರದ ಮೈ ಬಿಚ್ಚಿ ಬ್ಯಾಟರಿ ಬದಲಿಸಿದ್ದರೆ ಆಮೇಲೆ ಅದನ್ನು ನೀರಿಗೆ ಹಿಡಿಯುವ ಮಾತೇ ಬೇಡ.

ಫಾಯಿಲ್ ಮತ್ತು ರೋಟರಿ ಶೇವರುಗಳಿಗೆ ತೊಳೆಯುವ ಅನುಕೂಲ ಅತ್ಯಗತ್ಯ. ಕತ್ತರಿಸಿದ ಕೂದಲ ಪುಡಿ, ಚರ್ಮದ ಜಿಡ್ಡು ಎರಡೂ ಸೇರಿ ಹಾಳೆಯ ಒಳಗೆ ಗಸಿಯಂತೆ ಕೂರುತ್ತವೆ, ಬ್ರಷ್ಷಿಗೆ ಅದು ಬರುವುದಿಲ್ಲ. ಟ್ರಿಮ್ಮರಿನಲ್ಲಿ ಬರಿ ಉದ್ದ ಕೂದಲ ತುಂಡುಗಳಿರುವುದರಿಂದ ಬ್ರಷ್ ಬಹುಪಾಲು ಸಾಕಾಗುತ್ತದೆ. ತೊಳೆಯಬಾರದ ಟ್ರಿಮ್ಮರ್ ಎಂಬ ಒಂದೇ ಕಾರಣಕ್ಕೆ ಒಳ್ಳೆಯ ಯಂತ್ರವನ್ನು ಬಿಡಬೇಕಾಗಿಲ್ಲ.

ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ, ನಮ್ಮ ಈ ಮೂರೂ ಜಿಲ್ಲೆಗಳಲ್ಲಿ ಬಚ್ಚಲಿಗೆ ಬರುವುದು ಹೆಚ್ಚಾಗಿ ಬೋರ್‌ವೆಲ್ಲಿನ ಗಡಸು ನೀರು. ಬಕೀಟಿನ ಒಳಮೈಗೆ, ನಲ್ಲಿಯ ಬಾಯಿಗೆ ಹತ್ತುವ ಬಿಳಿ ಪದರ ಬ್ಲೇಡಿಗೂ ಹತ್ತುತ್ತದೆ. ತೊಳೆದು ಹಾಗೆಯೇ ಒಣಗಲು ಬಿಟ್ಟರೆ ಎರಡು ಬ್ಲೇಡುಗಳ ನಡುವಿನ ನೀರು ಆವಿಯಾಗಿ ಸುಣ್ಣ ಅಲ್ಲಿಯೇ ಉಳಿಯುತ್ತದೆ. ಅದರಿಂದ ಬ್ಲೇಡುಗಳು ಒಂದಕ್ಕೊಂದು ಸರಾಗವಾಗಿ ಜಾರದೆ ಮೋಟಾರಿನ ಮೇಲೆ ಹೊರೆ ಬೀಳುತ್ತದೆ, ದನಿ ದಪ್ಪಗಾಗುತ್ತದೆ, ಬ್ಲೇಡು ಬಿಸಿಯಾಗುತ್ತದೆ. ಇದಕ್ಕೆ ಪರಿಹಾರ ಸುಲಭ. ನಲ್ಲಿಯ ನೀರಿನಲ್ಲಿ ಕೂದಲು ಹೋಗುವಂತೆ ತೊಳೆದು, ಕೊನೆಗೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ಕ್ಯಾನಿನ ಅರ್ಧ ಲೋಟ ನೀರಿನಲ್ಲಿ ಇನ್ನೊಮ್ಮೆ ಅಲುಬಿ, ಕೊಡವಿ, ಹತ್ತಿ ಬಟ್ಟೆಯ ಮೇಲೆ ಬ್ಲೇಡು ಕೆಳಗಾಗಿ ಇಡಿ. ಪೂರ್ತಿ ಒಣಗಿದ ಮೇಲೆ ಹೊಲಿಗೆ ಯಂತ್ರಕ್ಕೆ ಹಾಕುವ ತೆಳು ಎಣ್ಣೆಯನ್ನು ಒಂದು ಹನಿ ಬಿಟ್ಟು, ಹತ್ತು ಸೆಕೆಂಡು ಓಡಿಸಿ, ಮೇಲೆ ನಿಂತ ಎಣ್ಣೆಯನ್ನು ಒರೆಸಿ. ಕೊಬ್ಬರಿ ಎಣ್ಣೆ ಬೇಡ. ಚಳಿಗಾಲದಲ್ಲಿ ಅದು ಹೆಪ್ಪುಗಟ್ಟುತ್ತದೆ, ಉಳಿದ ಕಾಲದಲ್ಲಿ ಕೂದಲ ಪುಡಿಯನ್ನು ಹಿಡಿದು ಅಂಟಾಗುತ್ತದೆ. ಬ್ಲೇಡಿಗೆ ಎಣ್ಣೆಯೇ ಬೇಡವೆಂದು ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಈ ಹೆಜ್ಜೆಯನ್ನು ಬಿಡಿ.

ಬ್ಲೇಡಿನ ಲೋಹವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ಬ್ಲೇಡಿಗೆ ಸುಲಭವಾಗಿ ತುಕ್ಕು ಹಿಡಿಯುವುದಿಲ್ಲ, ಇಂಗಾಲದ ಉಕ್ಕಿನದು ಹರಿತವಾಗಿದ್ದರೂ ಒದ್ದೆಯಿಟ್ಟರೆ ತುಕ್ಕು ಹಿಡಿಯುತ್ತದೆ. ಟೈಟಾನಿಯಂ ಎಂದು ಬರೆದಿರುವುದು ಬಹುತೇಕ ಮೇಲ್ಲೇಪ ಮಾತ್ರ, ಒಳಗಿನದು ಉಕ್ಕೇ.

ಒಂದು ಲೆಕ್ಕ

ನನ್ನ ಅಕ್ಕನ ಮಗ ತುಮಕೂರಿನಲ್ಲಿ ಕೋಣೆ ಮಾಡಿಕೊಂಡು ವಸಂತನರಸಾಪುರದ ಕಾರ್ಖಾನೆಗೆ ಪಾಳಿಯಲ್ಲಿ ಹೋಗುತ್ತಾನೆ. ಮೂರು ಮಿಲಿಮೀಟರಿನ ಗಡ್ಡ ಬಿಟ್ಟಿದ್ದಾನೆ, ಗಂಟಲು ಮತ್ತು ಕೆನ್ನೆಯ ಮೇಲ್ಭಾಗವನ್ನು ಸ್ವಚ್ಛವಾಗಿಡುತ್ತಾನೆ, ರೇಜರ್ ಆಡಿಸಿದರೆ ಗಂಟಲಲ್ಲಿ ಗುಳ್ಳೆ ಬರುತ್ತದೆ. "ಮಾಮ, ಸಾವಿರದ ನಾನೂರಕ್ಕೆ ಒಂದು ಆಫರ್ ಬಂದಿದೆ, ತಗೊಳ್ಲಾ?" ಎಂದು ಫೋನ್ ಮಾಡಿದ. "ಬ್ಲೇಡ್ ನಂಬರ್ ಏನಿದೆ ನೋಡಿ ಹೇಳಪ್ಪ" ಎಂದೆ. ಪುಟವನ್ನೆಲ್ಲಾ ಜಾಲಾಡಿದರೂ ನಂಬರ್ ಇರಲಿಲ್ಲ. ಆಗ ಇಬ್ಬರೂ ಸೇರಿ ಮೂರು ವರ್ಷದ ಲೆಕ್ಕ ಹಾಕಿದೆವು. ಬೆಲೆಗಳು ಹಬ್ಬದಿಂದ ಹಬ್ಬಕ್ಕೆ ಬದಲಾಗುವುದರಿಂದ ಕೆಳಗಿನ ಅಂಕಿಗಳನ್ನು ಲೆಕ್ಕದ ರೀತಿ ತೋರಿಸಲು ಇಟ್ಟುಕೊಂಡವೆಂದೇ ತಿಳಿಯಬೇಕು. ನಿಮ್ಮ ಮುಂದಿರುವ ಬೆಲೆಗಳನ್ನು ಆ ಜಾಗಗಳಲ್ಲಿ ಹಾಕಿಕೊಳ್ಳಿ.

ಬಿಡಿ ಬ್ಲೇಡು ಸಿಗದ 1,400 ರೂಪಾಯಿಯ ಟ್ರಿಮ್ಮರ್ ಎರಡು ವರ್ಷ ಬಂದರೆ ಮೂರನೆಯ ವರ್ಷಕ್ಕೆ ಇನ್ನೊಂದನ್ನು ಕೊಳ್ಳಬೇಕು, ಒಟ್ಟು 2,800. ಒನ್‌ಬ್ಲೇಡ್ ಬಗೆಯ ಯಂತ್ರ 1,700, ಬ್ಲೇಡು ಒಂದಕ್ಕೆ 700 ಎಂದಿಟ್ಟುಕೊಳ್ಳೋಣ. ವಾರಕ್ಕೆ ಎರಡು ಸಲ ಪೂರ್ತಿ ಮುಖಕ್ಕೆ ಬಳಸಿದರೆ ಬ್ಲೇಡು ಹೆಚ್ಚೆಂದರೆ ನಾಲ್ಕು ತಿಂಗಳು ಬರುತ್ತದೆಂದು ಕಂಪನಿಯೇ ಹೇಳುತ್ತದೆ. ಮೂವತ್ತಾರು ತಿಂಗಳಿಗೆ ಒಂಬತ್ತು ಬ್ಲೇಡು ಬೇಕು, ಮೊದಲನೆಯದು ಯಂತ್ರದ ಜೊತೆಗೇ ಬರುವುದರಿಂದ ಎಂಟನ್ನು ಕೊಳ್ಳಬೇಕು. ಬ್ಲೇಡಿಗೇ 5,600, ಒಟ್ಟು 7,300. ಅವನಂತೆ ಗಂಟಲಿಗೆ ಮತ್ತು ಅಂಚಿಗೆ ಮಾತ್ರ ಬಳಸಿ, ಬ್ಲೇಡು ಎಂಟು ತಿಂಗಳು ಬಂದರೂ ನಾಲ್ಕು ಬ್ಲೇಡಿಗೆ 2,800 ಸೇರಿ 4,500 ಆಗುತ್ತದೆ. ಫಾಯಿಲ್ ಶೇವರ್ 3,500, ಹದಿನೆಂಟು ತಿಂಗಳಿಗೆ ಬದಲಿಸುವ ಕ್ಯಾಸೆಟ್ 1,500 ಎಂದರೆ ಒಟ್ಟು 5,000. ದಿನವೂ ನುಣುಪಾಗಿ ಶೇವ್ ಮಾಡುವವರಿಗೆ ಇದು ನ್ಯಾಯವಾದ ಬೆಲೆಯೇ, ಆದರೆ ಅದು ಮೂರು ಮಿಲಿಮೀಟರಿನ ಗಡ್ಡವನ್ನು ಸಮ ಮಾಡುವುದಿಲ್ಲ, ಅವನ ಗಂಟಲಿಗೂ ಹಿತವಲ್ಲ. ಕೊನೆಗೆ ಉಳಿದದ್ದು ತಲೆ ಕಳಚಿ ಬರುವ, ಬ್ಲೇಡಿನ ಸಂಖ್ಯೆ ಕೈಪಿಡಿಯಲ್ಲಿ ಅಚ್ಚಾಗಿರುವ 1,800ರ ಟ್ರಿಮ್ಮರ್. 500ರ ಬಿಡಿ ತಲೆಯನ್ನು ಅದರ ಜೊತೆಗೇ ಕೊಂಡರೆ 2,300. ಮೂರು ವರ್ಷಕ್ಕೆ ಇವುಗಳಲ್ಲಿ ಎಲ್ಲಕ್ಕಿಂತ ಅಗ್ಗವಾದದ್ದು ಇದೇ. ಆಫರಿನ ದಿನ ಎಲ್ಲಕ್ಕಿಂತ ಅಗ್ಗವಾಗಿ ಕಂಡದ್ದು ಇದಲ್ಲ.

ಬಿಡಿ ತಲೆಯನ್ನು ಯಂತ್ರದ ಜೊತೆಗೇ ಕೊಂಡಿಡಿ ಎನ್ನುವುದು ಟ್ರಿಮ್ಮರಿಗೆ ಸಲ್ಲುವ ಮಾತು, ಏಕೆಂದರೆ ಆ ಮಾದರಿಗಳು ಬೇಗ ಮಾರುಕಟ್ಟೆಯಿಂದ ಮಾಯವಾಗುತ್ತವೆ. ದೊಡ್ಡ ಕಂಪನಿಗಳ ಫಾಯಿಲ್ ಕ್ಯಾಸೆಟ್ಟನ್ನು ಮೊದಲೇ ಕೊಂಡು ಹಣ ಕಟ್ಟಿಹಾಕಬೇಕಾಗಿಲ್ಲ. ಬ್ಲೇಡು ಸವೆಯುವ ಸಾಮಾನೆಂದು ವಾರಂಟಿಯಲ್ಲಿ ಸಾಮಾನ್ಯವಾಗಿ ಸೇರುವುದಿಲ್ಲ ಎಂಬುದನ್ನೂ ಗಮನದಲ್ಲಿಡಿ; ಮೋಟಾರು ಮತ್ತು ಬ್ಯಾಟರಿಗಾದರೂ ಬಿಲ್ಲು ಬೇಕು. ಶಾಖ ತಾಗಿದರೆ ಅಕ್ಷರ ಅಳಿಸಿಹೋಗುವ ಕಾಗದದ ಬಿಲ್ಲಾದರೆ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ಬ್ಲೇಡು ನಿಜವಾಗಿಯೂ ಸವೆದಿದೆಯೇ?

ಟ್ರಿಮ್ಮರ್ ಕೂದಲನ್ನು ಎಳೆಯತೊಡಗಿದ ಕೂಡಲೇ ಬ್ಲೇಡು ಮೊಂಡಾಯಿತೆಂದು ತೀರ್ಮಾನಿಸಬೇಡಿ. ಮೊದಲು ಬ್ಯಾಟರಿಯನ್ನು ಪೂರ್ತಿ ತುಂಬಿಸಿ, ಏಕೆಂದರೆ ಬಲ ಇಳಿದಾಗ ಬ್ಲೇಡು ನಿಧಾನವಾಗಿ ಓಡಿ ಕೂದಲನ್ನು ಕಚ್ಚಿಕೊಳ್ಳುತ್ತದೆ. ಆಮೇಲೆ ತಲೆ ಕಳಚಿ ಬ್ರಷ್ಷಿನಿಂದ ಬುಡದವರೆಗೆ ಶುಚಿ ಮಾಡಿ, ಎಣ್ಣೆ ಬಿಡಿ. ಇವೆರಡೂ ಆದ ಮೇಲೂ ಎಳೆಯುತ್ತಿದ್ದರೆ ಬ್ಲೇಡು ಸವೆದಿರುವುದು ನಿಜ. ಫಾಯಿಲ್ ಹಾಳೆಯನ್ನಾದರೆ ಕಳಚಿ ಕಿಟಕಿಯ ಬೆಳಕಿಗೆ ಹಿಡಿಯಿರಿ. ತೂತುಗಳ ಸಾಲಿನಲ್ಲಿ ಎಲ್ಲಾದರೂ ಎರಡು ತೂತುಗಳು ಸೇರಿ ಒಂದಾಗಿ ಕಂಡರೆ ಅಲ್ಲಿ ಹಾಳೆ ಹರಿದಿದೆ, ಅಂದಿನಿಂದಲೇ ಅದನ್ನು ಬಳಸುವುದು ನಿಲ್ಲಿಸಬೇಕು. ಒಳಗಿನ ಕಟ್ಟರ್ ಆ ಬಿರುಕಿನಲ್ಲಿ ಚರ್ಮಕ್ಕೇ ತಾಗುತ್ತದೆ.

ತಿರುಪಿನ ಬ್ಲೇಡನ್ನು ಬದಲಿಸುವವರು ಒಂದು ಅಳತೆಯನ್ನು ಮರೆಯಬಾರದು. ಓಡಾಡುವ ಬ್ಲೇಡಿನ ಹಲ್ಲುಗಳ ತುದಿ, ಅಲುಗದ ಬ್ಲೇಡಿನ ತುದಿಗಿಂತ ಸುಮಾರು ಅರ್ಧ ಮಿಲಿಮೀಟರು ಹಿಂದೆ ಇರಬೇಕು, ಮತ್ತು ಎರಡೂ ಅಂಚುಗಳು ಒಂದು ಕಡೆಯಿಂದ ಇನ್ನೊಂದು ಕಡೆಯವರೆಗೆ ಸಮಾನಾಂತರವಾಗಿರಬೇಕು. ಮುಂದೆ ಬಂದರೆ ಚರ್ಮ ಕತ್ತರಿಸುತ್ತದೆ, ಓರೆಯಾದರೆ ಒಂದು ಮೂಲೆ ಮಾತ್ರ ಕತ್ತರಿಸುತ್ತದೆ. ಎರಡೂ ತಿರುಪುಗಳನ್ನು ಅರ್ಧ ಬಿಗಿದು, ಬೆಳಕಿನಲ್ಲಿ ಅಂಚನ್ನು ನೋಡಿ ಸರಿಪಡಿಸಿಕೊಂಡು, ಆಮೇಲೆ ಒಂದಾದ ಮೇಲೊಂದರಂತೆ ಪೂರ್ತಿ ಬಿಗಿಯಿರಿ. ಯಂತ್ರ ಓಡಿಸಿ, ಮುಖಕ್ಕೆ ಹಿಡಿಯುವ ಮೊದಲು ಮುಂಗೈಯ ಒಳಭಾಗದ ಮೇಲೆ ಒತ್ತದೆ ಒಮ್ಮೆ ಎಳೆದು ನೋಡಿ. ಗೀರು ಬಿದ್ದರೆ ಅಥವಾ ಚುರುಗುಟ್ಟಿದರೆ ತಿರುಪು ಸಡಿಲಿಸಿ ಓಡಾಡುವ ಬ್ಲೇಡನ್ನು ಕೂದಲೆಳೆಯಷ್ಟು ಹಿಂದಕ್ಕೆ ಸರಿಸಿ ಮತ್ತೆ ಬಿಗಿಯಬೇಕು.